ಮಗು ಅಳುತ್ತಿದೆ, ಮಕ್ಕಳು ಅಳುತ್ತಿದ್ದಾರೆ

ಮೂರನೇ ತರಗತಿಯಲ್ಲಿ ಓದುವ ತಮ್ಮನ ಮಗಳು ‘ಬಿಟ್ಟ ಸ್ಥಳ ತುಂಬಿರಿ’ ಅಭ್ಯಾಸದ ಹಾಳೆ ತಂದು ತೋರಿಸಿದಳು. ಏಕವಚನದ ಎದುರು ಬಹುವಚನ ಬರೆಯಬೇಕಿತ್ತು. ‘ಮರ – ಮರಗಳು’, ‘ಮನೆ – ಮನೆಗಳು’ ಸರಿಯಾಗಿದ್ದವು. ಅವುಗಳ ಕೆಳಗೆ ‘ಅಣ್ಣ – ಅಣ್ಣಗಳು’, ‘ಮಗು – ಮಗುಗಳು’, ‘ಮಗ – ಮಗಳು’. ಮೂರಕ್ಕೂ ಕೆಂಪು ಗೀಟು ಬಿದ್ದಿತ್ತು.

ಈ ತಪ್ಪುಗಳು ಯೋಚಿಸದೆ ಬರೆದವಲ್ಲ. ‘ಗಳು’ ಸೇರಿಸಿದರೆ ಬಹುವಚನ ಎಂಬ ಒಂದೇ ಸೂತ್ರವನ್ನು ಅವಳು ಎಲ್ಲ ಕಡೆಗೂ ನಂಬಿಕೆಯಿಂದ ಹಚ್ಚಿದ್ದಾಳೆ. ಮರ, ಮನೆ, ಹಸು, ಪುಸ್ತಕಗಳಿಗೆ ಅದು ಸಲ್ಲುತ್ತದೆ. ಮನುಷ್ಯರ ಮಾತು ಬಂದಾಗ ಕನ್ನಡ ದಾರಿ ಬದಲಿಸುತ್ತದೆ: ಹುಡುಗ – ಹುಡುಗರು, ಹುಡುಗಿ – ಹುಡುಗಿಯರು. ನಂಟಿನ ಪದಗಳಿಗೆ ಇನ್ನೊಂದು ಬಗೆ: ಅಣ್ಣಂದಿರು, ಅಕ್ಕಂದಿರು, ತಾಯಂದಿರು. ಹಾಗೆಂದು ‘ಮನುಷ್ಯರಿಗೆ ಗಳು ಹಚ್ಚಬಾರದು’ ಎಂದು ಹೇಳಿಕೊಟ್ಟರೆ ಮಗು ಮತ್ತೆ ಎಡವುತ್ತದೆ. ಕವಿಗಳು, ಗುರುಗಳು, ವಿದ್ಯಾರ್ಥಿಗಳು ನಮ್ಮ ನಡುವೆಯೇ ಇದ್ದಾರಲ್ಲ! ಹುಡುಗ, ಸೇವಕ, ರೈತನ ಹಾಗೆ ‘ಅ’ಕಾರದಲ್ಲಿ ಮುಗಿಯುವ, ಗಂಡಸನ್ನು ಸೂಚಿಸುವ ಪದಗಳಿಗೆ ಸಾಮಾನ್ಯವಾಗಿ ‘ರು’ ಬರುತ್ತದೆ ಎಂಬಷ್ಟನ್ನು ಮೊದಲು ಗಟ್ಟಿ ಮಾಡಿಸಿ, ಅಣ್ಣ, ತಮ್ಮ, ಮಾವನಂಥ ನಂಟಿನ ಪದಗಳನ್ನು ಬೇರೆ ಗುಂಪಾಗಿ ಕಲಿಸುವುದು ಮೇಲು.

‘ಮಗಳು’ ಎಂಬ ಉತ್ತರ ನನಗೆ ತುಂಬ ಹಿಡಿಸಿತು. ಕಿವಿಗೆ ಅದು ಬಹುವಚನದಂತೆಯೇ ಕೇಳುತ್ತದೆ. ಅದೇ ಹಾಳೆಯ ಲಿಂಗದ ಭಾಗದಲ್ಲಿ ‘ಮಗ – ಮಗಳು’ ಸರಿಯುತ್ತರ. ವಚನದ ಭಾಗದಲ್ಲಿ ತಪ್ಪು. ‘ತಿಂಗಳು’, ‘ಬೆರಳು’ ಕೂಡ ಹೀಗೆಯೇ ಕೇಳಿಸಿದರೂ ಏಕವಚನಗಳೇ. ಮಗ, ಮಗಳು, ಮಗು ಮೂರಕ್ಕೂ ಬಹುವಚನ ‘ಮಕ್ಕಳು’. ಇದನ್ನು ಸೂತ್ರದಿಂದ ಪಡೆಯಲಾಗದು, ಬಾಯಿಪಾಠವೇ ಆಗಬೇಕು.

ಹಾಳೆಯ ಕೆಳಭಾಗದಲ್ಲಿ ‘ಲಿಂಗ ಬದಲಿಸಿ ಬರೆಯಿರಿ’ ಇತ್ತು: ಎತ್ತು – ಹಸು, ಕೋಣ – ಎಮ್ಮೆ, ಹುಂಜ – ಹೇಂಟೆ. ಪದಸಂಪತ್ತಿಗೆ ಇದು ಒಳ್ಳೆಯದೇ. ಆದರೆ ಇದನ್ನೇ ಕನ್ನಡದ ಲಿಂಗ ಎಂದು ಕಲಿಸಿದಾಗ ಗೊಂದಲ ಹುಟ್ಟುತ್ತದೆ. ಎತ್ತು ಗಂಡು, ಹೌದು. ಆದರೆ ‘ಎತ್ತು ಬಂದನು’ ಎಂದು ಯಾರೂ ಹೇಳುವುದಿಲ್ಲ. ಎತ್ತೂ ಬಂತು, ಹಸುವೂ ಬಂತು. ಕನ್ನಡದ ವ್ಯಾಕರಣದಲ್ಲಿ ಎರಡೂ ನಪುಂಸಕಲಿಂಗ. ಪದದ ಲಿಂಗ ತಿಳಿಯಬೇಕಾದರೆ ಅದರ ಮುಂದೆ ‘ಬಂದನು’, ‘ಬಂದಳು’, ‘ಬಂತು’ ಮೂರನ್ನೂ ಹಚ್ಚಿ ನೋಡಬೇಕು. ಯಾವುದು ಕಿವಿಗೆ ಒಪ್ಪುತ್ತದೋ ಅದೇ ಉತ್ತರ. ಜೋಡಿಪದಗಳ ಅಭ್ಯಾಸದಲ್ಲಿ ಈ ಪರೀಕ್ಷೆಗೆ ಜಾಗವೇ ಇಲ್ಲ, ಅಲ್ಲಿ ಕ್ರಿಯಾಪದ ಇರುವುದಿಲ್ಲವಲ್ಲ.

ಹಾಗಾಗಿ ಹಾಳೆಯ ಬೆನ್ನಿಗೆ ಬೇರೆ ಪ್ರಶ್ನೆ ಬರೆದುಕೊಟ್ಟೆ. ‘ಮಗು ಅಳು____.’ ಅವಳು ಯೋಚಿಸಲೇ ಇಲ್ಲ, ‘ಅಳ್ತಿದೆ’ ಎಂದಳು. ‘ಮಕ್ಕಳು ಅಳು____.’ ‘ಅಳ್ತಿದ್ದಾರೆ.’ ಎರಡನ್ನೂ ಬರಹದ ರೂಪಕ್ಕೆ ತಿದ್ದಿ ಬರೆಸಿ, ಏನು ಬದಲಾಯಿತು ಎಂದು ಕೇಳಿದೆ. ‘ಒಂದಿತ್ತು, ತುಂಬ ಆಯ್ತು’ ಎಂದಳು. ಅದಕ್ಕಿಂತ ಹೆಚ್ಚೇ ಬದಲಾಗಿದೆ. ತೊಟ್ಟಿಲಲ್ಲಿರುವುದು ಗಂಡೋ ಹೆಣ್ಣೋ, ‘ಮಗು’ ಪದ ಮಾತ್ರ ಯಾವಾಗಲೂ ನಪುಂಸಕ. ಶಾಲಾ ವ್ಯಾಕರಣಗಳಲ್ಲಿ ಇದಕ್ಕೆ ನಿತ್ಯ ನಪುಂಸಕಲಿಂಗ ಎಂಬ ಹೆಸರೇ ಇದೆ. ಬಹುವಚನಕ್ಕೆ ಹೋದೊಡನೆ ಆ ಪದ ‘ಅದು’ವಿನ ಸಾಲು ಬಿಟ್ಟು ‘ಅವರು’ ಸಾಲಿಗೆ ಸೇರುತ್ತದೆ. ಹಸು ಹಾಗಲ್ಲ: ಹಸು ಬಂತು, ಹಸುಗಳು ಬಂದವು. ‘ಅದು’ ಎಂಬುದು ‘ಅವು’ ಆಯಿತು, ಅಷ್ಟೇ. ಇನ್ನು ಅವನು, ಅವಳು ಎರಡೂ ಬಹುವಚನದಲ್ಲಿ ‘ಅವರು’ ಆಗುವುದರಿಂದ ಗಂಡು ಹೆಣ್ಣಿನ ಭೇದ ಅಲ್ಲಿ ಅಳಿಸಿಹೋಗುತ್ತದೆ. ಕನ್ನಡದಲ್ಲಿ ವಚನವನ್ನೂ ಲಿಂಗವನ್ನೂ ಬೇರೆ ಬೇರೆ ಪಾಠವಾಗಿ ಕಲಿಸುವುದು ಕಷ್ಟವಾಗುವುದು ಇದಕ್ಕೇ. ಕ್ರಿಯಾಪದದ ಕೊನೆಯ ಒಂದೇ ತುಣುಕು ಎರಡನ್ನೂ ಹೊತ್ತಿರುತ್ತದೆ.

ಕೊನೆಯ ಪ್ರಶ್ನೆ ಹಾಳೆಯಲ್ಲೇ ಇತ್ತು: ‘ಅಜ್ಜಿ ಊರಿನಿಂದ ____.’ ಅವಳು ‘ಬಂದರು’ ಎಂದು ಬರೆದಿದ್ದಳು. ‘ಅಜ್ಜಿ ಒಬ್ಬರೇ, ಆದ್ದರಿಂದ ಬಂದಳು’ ಎಂದು ತಿದ್ದಿದ್ದರು. ‘ಅಜ್ಜಿಗೆ ಹಂಗನ್ನಬಾರ್ದಲ್ವಾ ದೊಡ್ಡಪ್ಪಾ?’ ಎಂದು ಕೇಳಿದಳು. ಅವಳ ಮಾತು ನ್ಯಾಯವಾದದ್ದು. ಹಿರಿಯರು ಒಬ್ಬರೇ ಇದ್ದರೂ ಬಹುವಚನದ ರೂಪದಲ್ಲಿ ಹೇಳುವುದು ನಮ್ಮ ಮನೆಯ ಮಾತು; ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು ಸಲಿಗೆಯಿಂದ ‘ಬಂದಳು’ ಎನ್ನುವುದೂ ಉಂಟು. ಎಣಿಕೆಯನ್ನಷ್ಟೇ ಪರೀಕ್ಷಿಸಬೇಕಿದ್ದರೆ ಅಲ್ಲಿ ಅಜ್ಜಿಯ ಬದಲು ‘ಹುಡುಗಿ’ ಎಂದು ಹಾಕಿದರೆ ಸಾಕು, ಉತ್ತರ ಒಂದೇ ಆಗುತ್ತದೆ. ಅಜ್ಜಿಯನ್ನೇ ಉಳಿಸಿಕೊಳ್ಳುವುದಾದರೆ ‘ಬಂದಳು’, ‘ಬಂದರು’ ಎರಡಕ್ಕೂ ಅಂಕ ಕೊಡಬೇಕು.