ಒಂದು ಮೇಜು, ಎರಡು ಸಾಂದ್ರತೆ

ಈಚಿನ 14 ಇಂಚಿನ ಲ್ಯಾಪ್‌ಟಾಪ್ ಪರದೆಗಳಲ್ಲಿ ಅಡ್ಡಕ್ಕೆ 2880, ಮೇಲಿಂದ ಕೆಳಕ್ಕೆ 1800 ಪಿಕ್ಸೆಲ್‌ಗಳಿರುವುದು ಈಗ ಅಪರೂಪವಲ್ಲ. ಅದರ ಪಕ್ಕಕ್ಕೆ ಜೋಡಿಸುವ 24 ಇಂಚಿನ ಮಾನಿಟರ್ ಮಾತ್ರ ಸಾಮಾನ್ಯವಾಗಿ ಹಳೆಯದೇ: 1920 ಮತ್ತು 1080. ಲೆಕ್ಕ ಹಾಕಿದರೆ ಲ್ಯಾಪ್‌ಟಾಪ್‌ನಲ್ಲಿ ಒಂದು ಇಂಚಿಗೆ ಸುಮಾರು 243 ಪಿಕ್ಸೆಲ್, ಮಾನಿಟರ್‌ನಲ್ಲಿ ಬರೀ 92. ಹದಿನಾರು ಪಿಕ್ಸೆಲ್ ಎತ್ತರದ ಅಕ್ಷರವೊಂದು ಮಾನಿಟರ್ ಮೇಲೆ 4.4 ಮಿಲಿಮೀಟರ್ ಎತ್ತರ ಕಂಡರೆ, ಅದೇ ಅಕ್ಷರ ಲ್ಯಾಪ್‌ಟಾಪ್‌ನಲ್ಲಿ 1.7 ಮಿಲಿಮೀಟರ್‌ಗೆ ಇಳಿಯುತ್ತದೆ. ಓದಲು ಕಣ್ಣು ಕಿರಿದು ಮಾಡಬೇಕಾಗುತ್ತದೆ.

ಪರಿಹಾರ ಸರಳ ಅನ್ನಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲವನ್ನೂ ಎರಡು ಪಟ್ಟು ದೊಡ್ಡದಾಗಿ ಬಿಡಿಸಬೇಕು, ಮಾನಿಟರ್‌ನಲ್ಲಿ ಇದ್ದಂತೆ ಬಿಡಬೇಕು. ಆದರೆ ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಈ ಸರಳ ಬೇಡಿಕೆ ಈಡೇರುವುದಕ್ಕೆ ಬಹಳ ವರ್ಷಗಳೇ ಹಿಡಿದವು. ಕಾರಣ ಪರದೆಗಳಲ್ಲಿಲ್ಲ. ಯಾವ ಪರದೆಗೆ ಎಷ್ಟು ಪಟ್ಟು ಎಂಬ ಸಂಖ್ಯೆ ಯಾರಿಗೆ ಗೊತ್ತಿರುತ್ತದೆ, ಅದನ್ನು ಅವರು ಯಾರಿಗೆ ಹೇಳುತ್ತಾರೆ ಎಂಬುದರಲ್ಲಿದೆ.

ಎಕ್ಸ್11 ಎಂಬ ಹಳೆಯ ಡಿಸ್‌ಪ್ಲೇ ವ್ಯವಸ್ಥೆ ಬಂದದ್ದು 1987ರಲ್ಲಿ. ಅದರ ಲೆಕ್ಕದಲ್ಲಿ ಎಷ್ಟೇ ಮಾನಿಟರ್ ಜೋಡಿಸಿದರೂ ಇರುವುದು ಒಂದೇ ದೊಡ್ಡ ಹಾಳೆ. ಎರಡು ಪರದೆಗಳು ಆ ಹಾಳೆಯ ಎರಡು ಭಾಗಗಳನ್ನು ತೋರಿಸುತ್ತವೆ, ಅಷ್ಟೇ. ಪ್ರತಿ ಪರದೆಯ ಭೌತಿಕ ಅಳತೆ ವ್ಯವಸ್ಥೆಗೆ ಗೊತ್ತಿರುತ್ತದೆ ನಿಜ. ಆದರೆ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ತಿಳಿಯಲು ಬಹುತೇಕ ಅಪ್ಲಿಕೇಶನ್‌ಗಳು ನೋಡುವುದು ಇಡೀ ಡೆಸ್ಕ್‌ಟಾಪ್‌ಗೆ ಇರುವ ಒಂದೇ ಸಂಖ್ಯೆಯನ್ನು. ಅದರ ಹೆಸರು `Xft.dpi`, ರೂಢಿಯ ಬೆಲೆ 96. ಅದನ್ನು 192 ಮಾಡಿದರೆ ಲ್ಯಾಪ್‌ಟಾಪ್ ಓದುವಂತಾಗುತ್ತದೆ, ಆದರೆ ಆ ನಮ್ಮ ಅಕ್ಷರ ಮಾನಿಟರ್ ಮೇಲೆ 8.8 ಮಿಲಿಮೀಟರ್‌ಗೆ ಊದಿಕೊಳ್ಳುತ್ತದೆ. ಮತ್ತೆ 96ಕ್ಕೆ ತಂದರೆ ಲ್ಯಾಪ್‌ಟಾಪ್ ಕೈಬಿಟ್ಟುಹೋಗುತ್ತದೆ. ಒಂದೇ ಸಂಖ್ಯೆಯಿಂದ ಎರಡೂ ಪರದೆಗಳನ್ನು ಸರಿಪಡಿಸುವ ದಾರಿಯಿಲ್ಲ.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯವೊಂದಿದೆ. ಮೊದಲು ಡೆಸ್ಕ್‌ಟಾಪ್ ಪೂರ್ತಿ ಎರಡು ಪಟ್ಟು ಮಾಡುವುದು. ಆಮೇಲೆ ಹಳೆಯ ಮಾನಿಟರ್‌ಗೆ ಮಾತ್ರ, ಹಾಳೆಯ 3840 × 2160 ಪಿಕ್ಸೆಲ್‌ನಷ್ಟು ಭಾಗವನ್ನು ಕೊಟ್ಟು, ಅದನ್ನು ಅರ್ಧಕ್ಕೆ ಕುಗ್ಗಿಸಿ ತೋರಿಸು ಎನ್ನುವುದು. ಮಾನಿಟರ್ ಲ್ಯಾಪ್‌ಟಾಪ್‌ನ ಬಲಕ್ಕಿದ್ದರೆ ಆದೇಶ ಹೀಗಿರುತ್ತದೆ:

```
xrandr --fb 6720x2160 \
  --output eDP-1 --auto --pos 0x0 \
  --output HDMI-1 --auto --scale 2x2 --pos 2880x0
```

ಲ್ಯಾಪ್‌ಟಾಪ್‌ನ 2880ಕ್ಕೆ ಮಾನಿಟರ್‌ನ 3840 ಸೇರಿ 6720 ಆಯಿತು. ಪರದೆಗಳ ಹೆಸರು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಬೇರೆ. ಬರೀ `xrandr` ಎಂದು ಟೈಪಿಸಿದರೆ ನಿಮ್ಮವು ಕಾಣುತ್ತವೆ. ಈ ಉಪಾಯ ಕೆಲಸ ಮಾಡುತ್ತದೆ, ಆದರೆ ಬೆಲೆ ತೆರಬೇಕು. 20 ಲಕ್ಷ ಪಿಕ್ಸೆಲ್‌ಗಳ ಮಾನಿಟರ್‌ಗಾಗಿ 80 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ಬಿಡಿಸಬೇಕು. ನಾಲ್ಕು ಪಿಕ್ಸೆಲ್‌ಗಳನ್ನು ಕಲಸಿ ಒಂದು ಮಾಡುವುದರಿಂದ ಅಕ್ಷರದ ಅಂಚೂ ಮೆತ್ತಗಾಗುತ್ತದೆ. ಇಂಗ್ಲಿಷ್ ಓದುವವರಿಗೆ ಇದು ಅಷ್ಟಾಗಿ ತೊಂದರೆ ಕೊಡದಿರಬಹುದು. ಕನ್ನಡ ಓದುವವರಿಗೆ ಬೇಗ ಗೊತ್ತಾಗುತ್ತದೆ. ಪಕಾರದ ಹೊಟ್ಟೆಯೊಳಗಿನ ಗೆರೆ ಮಸುಕಾದರೆ ಷಕಾರ ಗುರುತು ಸಿಗುವುದಿಲ್ಲ. ಚಿಕ್ಕದಾಗಿ ಬರುವ ಒತ್ತಕ್ಷರಗಳು ಎಲ್ಲಕ್ಕಿಂತ ಮೊದಲು ಕಲಸಿಹೋಗುತ್ತವೆ. ಪರದೆ ಸರಿಯಿದೆಯೇ ಎಂದು ನೋಡಲು ನಾನು ತೆರೆಯುವುದು ಯಾವಾಗಲೂ ಒತ್ತುಗಳು ತುಂಬಿದ ಕನ್ನಡ ಪುಟವನ್ನೇ.

ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯನ್ನು ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ 2008ರಲ್ಲಿ ಶುರುಮಾಡಿದರು. ಅಲ್ಲಿ ಎಲ್ಲರಿಗೂ ಒಂದೇ ಸಂಖ್ಯೆ ಎಂಬುದೇ ಇಲ್ಲ. ಪ್ರತಿ ಪರದೆಗೂ ಅದರದೇ ಪಟ್ಟು ಇರುತ್ತದೆ. ಕಿಟಕಿಗಳನ್ನೆಲ್ಲ ಜೋಡಿಸಿ ಪರದೆಗೆ ಕಳಿಸುವ ಕಾಂಪೋಸಿಟರ್, ಕಿಟಕಿಯೊಂದು ಯಾವ ಪರದೆಯ ಮೇಲೆ ಬಂತು ಎಂದು ಆ ಅಪ್ಲಿಕೇಶನ್‌ಗೆ ತಿಳಿಸುತ್ತದೆ. ಅಪ್ಲಿಕೇಶನ್ ತನ್ನ ಚಿತ್ರವನ್ನು ಆ ಪಟ್ಟಿಗೆ ಹೊಸದಾಗಿ ಬಿಡಿಸಿ ಕೊಡುತ್ತದೆ. ಕಿಟಕಿಯನ್ನು ಲ್ಯಾಪ್‌ಟಾಪ್‌ನಿಂದ ಮಾನಿಟರ್‌ಗೆ ಎಳೆದರೆ ದಾಟುವ ಹೊತ್ತಿಗೆ ಅದು ಎರಡರಿಂದ ಒಂದಕ್ಕೆ ಇಳಿಯುತ್ತದೆ, ಎರಡೂ ಕಡೆ ಅಕ್ಷರ ಚೂಪಾಗಿರುತ್ತದೆ. ಕಿಟಕಿ ಎರಡು ಪರದೆಗಳ ನಡುವೆ ಅರ್ಧರ್ಧ ನಿಂತಾಗ ಮಾತ್ರ ಒಂದು ಕಡೆಯ ತುಂಡನ್ನು ಕಾಂಪೋಸಿಟರ್ ತಾನೇ ಹಿಗ್ಗಿಸಬೇಕು ಇಲ್ಲವೇ ಕುಗ್ಗಿಸಬೇಕು. ಅಳತೆ ಆಗಲೂ ಕೆಡುವುದಿಲ್ಲ.

ಆದರೆ ಮೊದಮೊದಲು ಇಲ್ಲೂ ಒಂದು ಕೊರತೆಯಿತ್ತು. ಹೇಳಬಹುದಾದ ಪಟ್ಟುಗಳು 1, 2, 3ರಂಥ ಪೂರ್ಣಾಂಕಗಳು ಮಾತ್ರ. ನಮ್ಮ ಲ್ಯಾಪ್‌ಟಾಪ್‌ಗೆ 2 ಕೊಟ್ಟರೆ ಕೆಲಸಕ್ಕೆ ಸಿಗುವ ಜಾಗ 1440 × 900ರಷ್ಟು. ಇಕ್ಕಟ್ಟು ಅನ್ನಿಸಿ ಒಂದೂವರೆ ಪಟ್ಟು ಬೇಕೆಂದರೆ, ಅಪ್ಲಿಕೇಶನ್ ಎರಡು ಪಟ್ಟಿಗೆ, ಅಂದರೆ 3840 × 2400 ಪಿಕ್ಸೆಲ್‌ಗೆ ಬಿಡಿಸಬೇಕಿತ್ತು. ಕಾಂಪೋಸಿಟರ್ ಅದನ್ನು 2880 × 1800ಕ್ಕೆ ಕುಗ್ಗಿಸಬೇಕಿತ್ತು. ಎಕ್ಸ್11ರ ಮಸುಕು ಬೇರೆ ಬಾಗಿಲಿನಿಂದ ಒಳಗೆ ಬಂದಂತಾಯಿತು. 2022ರ ಕೊನೆಯಲ್ಲಿ `wp_fractional_scale_v1` ಎಂಬ ಹೊಸ ನಿಯಮಾವಳಿ ಸೇರಿದ ಮೇಲೆ ಈ ಸುತ್ತುದಾರಿ ತಪ್ಪಿತು. ಅದರಲ್ಲಿ ಪಟ್ಟನ್ನು 120ನೇ ಭಾಗಗಳಲ್ಲಿ ಹೇಳುತ್ತಾರೆ. ಒಂದೂವರೆಗೆ 180, ಒಂದೂಕಾಲಿಗೆ 150. ಸಂಖ್ಯೆ ತಿಳಿದ ಅಪ್ಲಿಕೇಶನ್ ಪರದೆಯ ಪಿಕ್ಸೆಲ್‌ಗೆ ಸರಿಯಾಗಿ ನೇರವಾಗಿಯೇ ಬಿಡಿಸುತ್ತದೆ. 2023ರ ಫೆಬ್ರವರಿಯ ಪ್ಲಾಸ್ಮಾ 5.27ರಲ್ಲಿ ಇದಕ್ಕೆ ಬೆಂಬಲ ಬಂತು.

ಇಷ್ಟಾದರೂ ಲ್ಯಾಪ್‌ಟಾಪ್‌ನಲ್ಲಿ ಕೆಲವು ಕಿಟಕಿಗಳು ಮಾತ್ರ ಮಂಜು ಕವಿದಂತೆ ಕಾಣುವುದುಂಟು. ಮಾನಿಟರನ್ನೋ ಕೇಬಲನ್ನೋ ಬೈಯುವ ಮೊದಲು ನೋಡಬೇಕಾದದ್ದು, ಆ ಅಪ್ಲಿಕೇಶನ್ ಇನ್ನೂ ಎಕ್ಸ್11ರ ಭಾಷೆಯಲ್ಲೇ ಮಾತಾಡುತ್ತಿದೆಯೇ ಎಂದು. ಅಂಥವುಗಳಿಗಾಗಿ ವೇಲ್ಯಾಂಡ್‌ನೊಳಗೆ ಎಕ್ಸ್‌ವೇಲ್ಯಾಂಡ್ ಎಂಬ ಹಳೆಯ ಸರ್ವರ್ ಓಡುತ್ತಿರುತ್ತದೆ, ಅದರ ಜೊತೆಗೆ ಒಂದೇ ಹಾಳೆ, ಒಂದೇ ಸಂಖ್ಯೆಯ ಹಳೆಯ ಲೆಕ್ಕವೂ ಇರುತ್ತದೆ. ಅನೇಕ ಬಾರಿ ಅಪ್ಲಿಕೇಶನ್ ಒಂದು ಪಟ್ಟಿಗೆ ಬಿಡಿಸುತ್ತದೆ, ಕಾಂಪೋಸಿಟರ್ ಆ ಚಿತ್ರವನ್ನು ಹಿಗ್ಗಿಸುತ್ತದೆ. ಮಂಜು ಬರುವುದು ಅಲ್ಲಿಂದ. ಪತ್ತೆಗೆ ಈ ಎರಡು ಸಾಲು ಸಾಕು:

```
echo $XDG_SESSION_TYPE
xlsclients
```

ಮೊದಲನೆಯದು `wayland` ಅಥವಾ `x11` ಎಂದು ಉತ್ತರಿಸುತ್ತದೆ. ಎರಡನೆಯದು ಎಕ್ಸ್ ಮೂಲಕ ಓಡುತ್ತಿರುವವುಗಳ ಹೆಸರು ಕೊಡುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. `xeyes` ಎಂಬ ಹಳೆಯ ಪುಟ್ಟ ಪ್ರೋಗ್ರಾಮಿನ ಎರಡು ಕಣ್ಣುಗಳು ಮೌಸಿನ ಬಾಣವನ್ನು ಹಿಂಬಾಲಿಸುತ್ತವೆ. ವೇಲ್ಯಾಂಡ್‌ನಲ್ಲಿ ಬಾಣ ಎಕ್ಸ್ ಕಿಟಕಿಯ ಮೇಲಿದ್ದಾಗ ಮಾತ್ರ ಅವು ಹೊರಳುತ್ತವೆ, ಉಳಿದ ಕಡೆ ಸುಮ್ಮನಿರುತ್ತವೆ.

ಪಟ್ಟಿಯಲ್ಲಿ ಕಂಡದ್ದು ಕ್ರೋಮಿಯಂ ಆಧಾರಿತ ಅಪ್ಲಿಕೇಶನ್ ಆಗಿದ್ದರೆ, ಶುರುಮಾಡುವಾಗ `--ozone-platform=wayland` ಎಂದು ಸೇರಿಸಿದರೆ ಅದು ಹೆಚ್ಚಾಗಿ ವೇಲ್ಯಾಂಡ್‌ಗೆ ಬರುತ್ತದೆ, ಅಕ್ಷರ ತಿಳಿಯಾಗುತ್ತದೆ. ಪ್ಲಾಸ್ಮಾ ಬಳಸುವವರಿಗೆ ಹಳೆಯ ಅಪ್ಲಿಕೇಶನ್‌ಗಳು ತಮ್ಮ ಹಿಗ್ಗುವಿಕೆಯನ್ನು ತಾವೇ ನೋಡಿಕೊಳ್ಳಲಿ ಎನ್ನುವ ಆಯ್ಕೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಸಿಗುತ್ತದೆ. ಆದರೆ ಆಗ ದೊಡ್ಡ ಪಟ್ಟು ಅರಿಯದ ತೀರ ಹಳೆಯವು ಚಿಕ್ಕದಾಗಿಯೇ ಉಳಿಯುತ್ತವೆ. ಗ್ನೋಮ್ 47ರಲ್ಲೂ ಪ್ರಯೋಗದ ಹಂತದಲ್ಲಿ ಇಂಥದೊಂದು ಸೌಲಭ್ಯ ಬಂತು. ಇದಾವುದಕ್ಕೂ ಬಗ್ಗದ ಹಳೆಯ ಅಪ್ಲಿಕೇಶನ್ ಒಂದು ಕೆಲಸಕ್ಕೆ ಬೇಕೇ ಬೇಕೆಂದಿದ್ದರೆ ಅದರ ಕಿಟಕಿಯನ್ನು 24 ಇಂಚಿನ ಮಾನಿಟರ್‌ಗೆ ಸರಿಸಿ. ಅಲ್ಲಿನ ಪಟ್ಟು ಒಂದೇ ಆದ್ದರಿಂದ ಯಾರೂ ಯಾವುದನ್ನೂ ಹಿಗ್ಗಿಸಬೇಕಾಗಿಲ್ಲ. ಹೆಚ್ಚು ಪಿಕ್ಸೆಲ್‌ಗಳ ಹೊಸ ಪರದೆಗಿಂತ ಆ ಹಳೆಯ ಪರದೆಯಲ್ಲೇ ಅದು ಚೊಕ್ಕವಾಗಿ ಕಾಣುತ್ತದೆ.