ನಗದು ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ತಾಳೆಯಾಗದಿದ್ದಾಗ

ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ ಏಪ್ರಿಲ್ ಮೊದಲ ವಾರದಲ್ಲಿ ವರ್ಷದ ಲೆಕ್ಕ ಮುಗಿಸಲು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಮಾರ್ಚ್ 31ಕ್ಕೆ ನಗದು ಪುಸ್ತಕದ ಬ್ಯಾಂಕ್ ಕಲಮಿನಲ್ಲಿ ಅಖೈರು ಶಿಲ್ಕು 84,650 ರೂಪಾಯಿ. ಅದೇ ದಿನಕ್ಕೆ ಪಾಸ್‌ಬುಕ್ಕಿನಲ್ಲಿರುವುದು 93,412 ರೂಪಾಯಿ. ಬ್ಯಾಂಕಿನಲ್ಲಿ 8,762 ರೂಪಾಯಿ ಹೆಚ್ಚಿಗೆ ಇದೆ. ಕಡಿಮೆ ಇದ್ದಿದ್ದರೆ ಗಾಬರಿಯಾಗುತ್ತಿತ್ತು, ಹೆಚ್ಚೇ ಇದೆಯಲ್ಲ ಎಂದು ಅನೇಕರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲ. ಈ 8,762ರ ಹಿಂದೆ ಸಂಘಕ್ಕೆ ಸೇರದ ಹಣವೂ ಇದೆ, ಸಂಘದ ಕೈತಪ್ಪಿ ಹೋಗಬಹುದಾದ ಹಣವೂ ಇದೆ.

ವ್ಯತ್ಯಾಸಗಳಲ್ಲಿ ಎರಡು ಬಗೆ. ಒಂದು, ನಾವು ಬರೆದಾಗಿದೆ, ಬ್ಯಾಂಕಿನಲ್ಲಿ ಇನ್ನೂ ಆಗಿಲ್ಲ. ಇದು ಬರೀ ದಿನಗಳ ಹಿಂದುಮುಂದು. ನಮ್ಮ ಪುಸ್ತಕದಲ್ಲಿ ಏನನ್ನೂ ತಿದ್ದಬೇಕಿಲ್ಲ. ಇನ್ನೊಂದು, ಬ್ಯಾಂಕಿನಲ್ಲಿ ಆಗಿಹೋಗಿದೆ, ನಾವು ಬರೆದಿಲ್ಲ ಅಥವಾ ತಪ್ಪು ಬರೆದಿದ್ದೇವೆ. ಇದನ್ನು ನಗದು ಪುಸ್ತಕಕ್ಕೆ ತರಲೇಬೇಕು. ಯಾವುದು ಯಾವ ಬಗೆಯದು ಎಂದು ಗುರುತಿಸುವುದೇ ಸಮನ್ವಯದ ಮುಖ್ಯ ಕೆಲಸ. ಕೂಡಿ ಕಳೆಯುವುದು ಆಮೇಲಿನದು.

ಶುರು ಮಾಡುವ ಮೊದಲು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬನ್ನಿ. ಬಹಳ ದಿನ ಹಾಕಿಸದಿದ್ದರೆ ಕೆಲವು ಬ್ಯಾಂಕುಗಳ ಯಂತ್ರ ಹಳೆಯ ವ್ಯವಹಾರಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಮುದ್ರಿಸುತ್ತದೆ. ಹಾಗಾಗಿದ್ದರೆ ಆ ಅವಧಿಯ ಸ್ಟೇಟ್‌ಮೆಂಟ್ ಕೇಳಿ ಪಡೆಯಬೇಕು. ಜೊತೆಗೆ ಚೆಕ್ ಪುಸ್ತಕದ ಅಡಿಚೀಟಿಗಳು, ಬ್ಯಾಂಕಿಗೆ ಹಣ ಕಟ್ಟಿದ ಚಲನ್‌ಗಳು, ಹಿಂದಿನ ತಿಂಗಳ ಸಮನ್ವಯ ಪಟ್ಟಿ, ಇವಿಷ್ಟು ಮೇಜಿನ ಮೇಲಿರಲಿ.

ಹಿಂದಿನ ತಿಂಗಳ ಪಟ್ಟಿಯಿಂದಲೇ ಆರಂಭಿಸಬೇಕು, ಮಾರ್ಚ್ ಮೊದಲ ಸಾಲಿನಿಂದಲ್ಲ. ನಮ್ಮ ಸಂಘ ಫೆಬ್ರವರಿ 26ರಂದು ಪಶು ಆಹಾರದ ವ್ಯಾಪಾರಿಗೆ 5,500 ರೂಪಾಯಿಯ ಚೆಕ್ ಕೊಟ್ಟಿತ್ತು. ಅದು ಬ್ಯಾಂಕಿನಲ್ಲಿ ಪಾಸಾದದ್ದು ಮಾರ್ಚ್ 4ಕ್ಕೆ. ಫೆಬ್ರವರಿಯ ಪಟ್ಟಿ ನೋಡದವರಿಗೆ ಮಾರ್ಚ್ ಪಾಸ್‌ಬುಕ್ಕಿನಲ್ಲಿ ಗೊತ್ತುಗುರಿಯಿಲ್ಲದ 5,500 ರೂಪಾಯಿ ಖರ್ಚು ಕಾಣುತ್ತದೆ. ಬರೆಯಲು ಮರೆತಿದ್ದೇವೆಂದು ಅದನ್ನು ಎರಡನೇ ಸಲ ಬರೆದುಬಿಡುತ್ತಾರೆ.

ಆಮೇಲೆ ಟಿಕ್ ಹಾಕುವ ಕೆಲಸ. ನಗದು ಪುಸ್ತಕದ ಜಮಾ ಬದಿಯನ್ನು ಪಾಸ್‌ಬುಕ್ಕಿನ ಕ್ರೆಡಿಟ್ ಕಲಮಿನೊಂದಿಗೆ, ಖರ್ಚಿನ ಬದಿಯನ್ನು ಡೆಬಿಟ್ ಕಲಮಿನೊಂದಿಗೆ ಹೋಲಿಸಬೇಕು. ಲೆಕ್ಕಶಾಸ್ತ್ರ ಓದಿದವರಿಗೆ ಇಲ್ಲಿ ಗೊಂದಲವಾಗುವುದುಂಟು. ನಾವು ಬ್ಯಾಂಕಿಗೆ ಕಟ್ಟಿದ್ದು ನಮ್ಮ ಪುಸ್ತಕದಲ್ಲಿ ಡೆಬಿಟ್, ಅವರ ಪುಸ್ತಕದಲ್ಲಿ ಕ್ರೆಡಿಟ್. ಆ ಹಣ ನಮಗೆ ಆಸ್ತಿ, ಬ್ಯಾಂಕಿಗೆ ನಮಗೆ ಕೊಡಬೇಕಾದ ಸಾಲ. ಹಾಗಾಗಿ ಎರಡೂ ಪುಸ್ತಕಗಳು ಒಂದಕ್ಕೊಂದು ಉಲ್ಟಾ. ಟಿಕ್ ಹಾಕುವಾಗ ಚೆಕ್ ನಂಬರ್ ಮಾತ್ರ ನೋಡಿ ಮುಂದೆ ಹೋಗಬಾರದು, ಮೊತ್ತವನ್ನೂ ಓದಬೇಕು. ಎರಡೂ ಕಡೆ ಇದ್ದದ್ದಕ್ಕೆಲ್ಲ ಟಿಕ್ ಬಿದ್ದ ಮೇಲೆ ಟಿಕ್ ಇಲ್ಲದೆ ಉಳಿದವುಗಳೇ ನಮ್ಮ ಕೆಲಸ.

ನಗದು ಪುಸ್ತಕದಲ್ಲಿ ಹೀಗೆ ಮೂರು ಉಳಿದವು. ಹಾಲು ಸಾಗಿಸುವ ವಾಹನದ ಮಾಲೀಕರಿಗೆ ಮಾರ್ಚ್ 27ರಂದು ಕೊಟ್ಟ 12,400 ರೂಪಾಯಿಯ ಚೆಕ್ಕನ್ನು ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ವೈರಿಂಗ್ ಮಾಡಿದ ಎಲೆಕ್ಟ್ರೀಷಿಯನ್‌ಗೆ ಕೊಟ್ಟ 3,600ರ ಚೆಕ್ಕೂ ಹಾಗೆಯೇ. ಮೂರನೆಯದು ಹೋಟೆಲಿನವರು ಕೊಟ್ಟ 9,500 ರೂಪಾಯಿಯ ಚೆಕ್. ಮಾರ್ಚ್ 31ರ ಸಂಜೆ ಬ್ಯಾಂಕಿಗೆ ಕೊಟ್ಟದ್ದು, ಮರುದಿನ ವಾರ್ಷಿಕ ಲೆಕ್ಕದ ರಜೆ, ಹಣ ಜಮಾ ಆದದ್ದು ಏಪ್ರಿಲ್ 2ಕ್ಕೆ. ಇವು ಮೂರೂ ದಿನಗಳ ಹಿಂದುಮುಂದು ಮಾತ್ರ. ನಮ್ಮ ಪುಸ್ತಕದಲ್ಲಿ ಬರೆದದ್ದು ಸರಿಯಾಗಿಯೇ ಇದೆ.

ಪಾಸ್‌ಬುಕ್ಕಿನಲ್ಲಿ ಉಳಿದದ್ದು ಬೇರೆ ಕಥೆ. ಉಳಿತಾಯ ಖಾತೆಗೆ ಬ್ಯಾಂಕ್ ಹಾಕಿದ ಬಡ್ಡಿ 1,126 ರೂಪಾಯಿ. ಮದುವೆ ಮನೆಗೆ ಹಾಲು ಕೊಂಡವರು ಮೊಬೈಲಿನಿಂದ ನೇರವಾಗಿ ಖಾತೆಗೆ ಕಳಿಸಿದ 6,200 ರೂಪಾಯಿ. ಮಾರ್ಚ್ 20ರಂದು ವಾಪಸಾದ ಇನ್ನೊಂದು ಚೆಕ್, 4,800 ರೂಪಾಯಿ. ಅದು ವಾಪಸಾದದ್ದಕ್ಕೆ ಬ್ಯಾಂಕ್ ಹಿಡಿದ ಶುಲ್ಕ 300, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 54, ಒಟ್ಟು 354 ರೂಪಾಯಿ. ಇವೆಲ್ಲ ಆಗಿಹೋದ ವ್ಯವಹಾರಗಳು. ಬಡ್ಡಿಯನ್ನೂ ಮದುವೆ ಹಾಲಿನ ಹಣವನ್ನೂ ಜಮಾ ಬದಿಗೆ, ವಾಪಸಾದ ಚೆಕ್ಕನ್ನೂ ಶುಲ್ಕವನ್ನೂ ಖರ್ಚಿನ ಬದಿಗೆ ಬರೆಯಬೇಕು. ಮಾರ್ಚ್ ಲೆಕ್ಕ ಮುಗಿಸುವ ಮುನ್ನವೇ ಬರೆಯಬೇಕು. ಏಪ್ರಿಲ್‌ಗೆ ತಳ್ಳಿದರೆ ಈ ವರ್ಷದ ಆದಾಯ ವೆಚ್ಚಗಳು ಮುಂದಿನ ವರ್ಷಕ್ಕೆ ಸೇರಿಹೋಗುತ್ತವೆ.

ವಾಪಸಾದ ಚೆಕ್ಕಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಚೆಕ್ ಬಂದ ದಿನ ಹೋಟೆಲಿನವರ ಖಾತೆಯಲ್ಲಿ ಬಾಕಿ ತೀರಿತೆಂದು ಬರೆದಿರುತ್ತೇವೆ. ಈಗ ಬ್ಯಾಂಕ್ ಕಲಮಿನಲ್ಲಿ ಕಳೆಯುವುದರ ಜೊತೆಗೆ ಅವರ ಖಾತೆಯಲ್ಲಿ ಆ 4,800ನ್ನು ಮತ್ತೆ ಬಾಕಿ ಎಂದು ಹತ್ತಿಸಬೇಕು. ಇಲ್ಲದಿದ್ದರೆ ವಸೂಲಿ ಮಾಡಬೇಕೆಂಬ ನೆನಪೇ ಯಾರಿಗೂ ಉಳಿಯುವುದಿಲ್ಲ. ಖಾತೆಯಲ್ಲಿ ಹಣ ಸಾಲದೆ ಚೆಕ್ ವಾಪಸಾದಾಗ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಮ ಕೈಗೊಳ್ಳಬೇಕಾದರೆ, ಬ್ಯಾಂಕಿನಿಂದ ಆ ತಿಳಿವಳಿಕೆ ಬಂದ 30 ದಿನಗಳೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕೊಡಬೇಕು. ಬ್ಯಾಂಕಿನ ವಾಪಸಾತಿ ಚೀಟಿ ಯಾವುದೋ ಫೈಲಿನಲ್ಲಿ ಸೇರಿಹೋಗಿ, ವರ್ಷಕ್ಕೊಮ್ಮೆ ಮಾತ್ರ ತಾಳೆ ನೋಡುವ ಸಂಘಗಳು ಈ ಗಡುವನ್ನು ಗೊತ್ತಿಲ್ಲದೆಯೇ ದಾಟಿಬಿಡುತ್ತವೆ. ತಿಂಗಳು ತಿಂಗಳೂ ಸಮನ್ವಯ ಮಾಡಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಈಗ ಲೆಕ್ಕ ಹಾಕೋಣ. ನಗದು ಪುಸ್ತಕದ 84,650ಕ್ಕೆ ಬಡ್ಡಿ 1,126 ಮತ್ತು ನೇರವಾಗಿ ಬಂದ 6,200 ಕೂಡಿಸಿ, ವಾಪಸಾದ 4,800 ಮತ್ತು ಶುಲ್ಕ 354 ಕಳೆದರೆ 86,822 ಆಗುತ್ತದೆ. ಅತ್ತ ಪಾಸ್‌ಬುಕ್ಕಿನ 93,412ರಿಂದ ಇನ್ನೂ ಬ್ಯಾಂಕಿಗೆ ಬಾರದ ಎರಡು ಚೆಕ್ಕುಗಳ 16,000 ಕಳೆದು, ಜಮಾ ಆಗಬೇಕಿದ್ದ 9,500 ಕೂಡಿಸಿದರೆ 86,912. ಎರಡೂ ಕಡೆ ಒಂದೇ ಮೊತ್ತ ಬರಬೇಕಿತ್ತು. 90 ರೂಪಾಯಿ ಉಳಿದುಕೊಂಡಿದೆ.

ಈ ಹಂತದಲ್ಲಿ ಕೈಸೋತು ‘ವ್ಯತ್ಯಾಸ’ ಎಂದು 90 ರೂಪಾಯಿ ಬರೆದು ಮುಗಿಸುವ ಪದ್ಧತಿಯನ್ನು ಬಹಳ ಕಡೆ ಕಾಣುತ್ತೇವೆ. ಮೊತ್ತ ಸಣ್ಣದು ಎನ್ನುವುದು ಸಮಾಧಾನವಲ್ಲ. ಒಂದು ದೊಡ್ಡ ಜಮಾ ಮತ್ತು ಅಷ್ಟೇ ದೊಡ್ಡದೊಂದು ಖರ್ಚು, ಎರಡೂ ತಪ್ಪಿಹೋಗಿ ಅವುಗಳ ನಡುವಿನ ಅಂತರ ಮಾತ್ರ 90 ಎಂದು ಕಾಣಿಸಿರಬಹುದು.

ಉಳಿದ ಮೊತ್ತವೇ ದಾರಿ ತೋರಿಸುತ್ತದೆ. ಮೊದಲು 90 ರೂಪಾಯಿಯ ಎಂಟ್ರಿ ಯಾವುದಾದರೂ ಬಿಟ್ಟುಹೋಗಿದೆಯೇ ನೋಡಿ. ಇಲ್ಲದಿದ್ದರೆ ಅದರ ಅರ್ಧ, ಅಂದರೆ 45 ರೂಪಾಯಿಯ ಎಂಟ್ರಿ ಹುಡುಕಿ. ಖರ್ಚನ್ನು ಜಮಾ ಬದಿಗೆ ಬರೆದಿದ್ದರೆ ವ್ಯತ್ಯಾಸ ಅದರ ಎರಡು ಪಟ್ಟಾಗುತ್ತದೆ. ಅದೂ ಇಲ್ಲವೆಂದರೆ 9ರಿಂದ ಭಾಗಿಸಿ. ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಬರೆದಾಗ ಆಗುವ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 90ನ್ನು ಭಾಗಿಸಿದರೆ 10 ಬರುತ್ತದೆ. ಅದಲುಬದಲಾಗಿರುವುದು ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು, ಅವುಗಳ ನಡುವಿನ ಅಂತರ ಒಂದು ಎಂದು ಇದರಿಂದ ತಿಳಿಯುತ್ತದೆ. ಅಂಥ ಅಂಕಿಗಳಿರುವ ಎಂಟ್ರಿಗಳನ್ನಷ್ಟೇ ನೋಡಿದರೆ ಸಾಕು. ವಿದ್ಯುತ್ ಬಿಲ್ಲಿನ ಚೆಕ್ ಸಿಕ್ಕಿತು: ಪಾಸ್‌ಬುಕ್ಕಿನಲ್ಲಿ 2,890, ನಗದು ಪುಸ್ತಕದಲ್ಲಿ 2,980. ಚೆಕ್ ನಂಬರ್ ಒಂದೇ ಆದ್ದರಿಂದ ಮೊತ್ತ ಓದದೆ ಟಿಕ್ ಬಿದ್ದಿತ್ತು. ಆದರೂ ಕೂಡಲೇ ತಿದ್ದಬಾರದು, ಬಿಲ್ ತೆಗೆದು ನೋಡಬೇಕು. ಬಿಲ್ 2,890 ಇದ್ದರೆ ತಪ್ಪು ನಮ್ಮದು, 2,980 ಇದ್ದರೆ ಬ್ಯಾಂಕನ್ನು ಕೇಳಬೇಕು. ಇಲ್ಲಿ ಬಿಲ್ಲೂ 2,890. ಹೆಚ್ಚಿಗೆ ಬರೆದ 90ನ್ನು ಬ್ಯಾಂಕ್ ಕಲಮಿಗೆ ಮರಳಿ ಸೇರಿಸಿದಾಗ ನಗದು ಪುಸ್ತಕವೂ 86,912ಕ್ಕೆ ಬಂತು. ಜಮಾಖರ್ಚಿನಲ್ಲಿ ಬ್ಯಾಂಕ್ ಶಿಲ್ಕು ಎಂದು ತೋರಿಸಬೇಕಾದದ್ದು ಇದೇ ಮೊತ್ತ, 84,650 ಅಲ್ಲ, 93,412 ಕೂಡ ಅಲ್ಲ.

ಲೆಕ್ಕ ತಾಳೆಯಾದ ಮೇಲೂ ಪಟ್ಟಿಯಲ್ಲಿ ಉಳಿದ ಸಾಲುಗಳನ್ನು ಒಂದೊಂದಾಗಿ ಪ್ರಶ್ನಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. ವಾಹನ ಮಾಲೀಕರ ಚೆಕ್ ಜೂನ್ ಕಳೆದರೂ ಪಟ್ಟಿಯಲ್ಲೇ ಇದ್ದರೆ ಅದಿನ್ನು ಪಾಸಾಗುವುದಿಲ್ಲ. ಅವರನ್ನು ಕೇಳಿ, ಹಳೆಯದನ್ನು ರದ್ದು ಮಾಡಿ, 12,400ನ್ನು ಬ್ಯಾಂಕ್ ಕಲಮಿಗೆ ವಾಪಸ್ ತಂದು ಕೊಡಬೇಕಾದ ಬಾಕಿ ಎಂದು ತೋರಿಸಬೇಕು. ಅದನ್ನು ಆದಾಯವೆಂದು ಬರೆಯುವಂತಿಲ್ಲ, ದುಡಿಮೆಯ ಹಣ ಅವರಿಗೆ ಇನ್ನೂ ಸಲ್ಲಬೇಕು.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಟ್ಟಿದ ಹಣದ ಬಗ್ಗೆ. ಚೆಕ್ ಜಮಾ ಆಗಲು ಒಂದೆರಡು ದಿನ ಹಿಡಿಯಬಹುದು, ನಗದು ಹಾಗಲ್ಲ. ಕೌಂಟರಿನಲ್ಲಿ ಕಟ್ಟಿದ ನಗದು ಅದೇ ದಿನ ಖಾತೆಯಲ್ಲಿ ಕಾಣಬೇಕು. ಪುಸ್ತಕದಲ್ಲಿ ಮಾರ್ಚ್ 25ಕ್ಕೆ ನಗದು ಕಟ್ಟಿದ್ದು ಎಂದಿದ್ದು, ಪಾಸ್‌ಬುಕ್ಕಿನಲ್ಲಿ ಅದು ಏಪ್ರಿಲ್ 2ಕ್ಕೆ ಕಂಡರೆ ಅದನ್ನು ದಿನಗಳ ಹಿಂದುಮುಂದು ಎಂದು ಪಟ್ಟಿಗೆ ಸೇರಿಸಿ ಸುಮ್ಮನಾಗಬಾರದು. ಬ್ಯಾಂಕಿನ ಮೊಹರು ಬಿದ್ದ ಚಲನ್ ತರಿಸಿ ತಾರೀಖು ನೋಡಬೇಕು. ಆ ನಡುವಿನ ದಿನಗಳಲ್ಲಿ ಹಣ ಯಾರ ಕೈಯಲ್ಲಿತ್ತು ಎಂಬುದಕ್ಕೆ ಉತ್ತರ ಬೇಕು. ಇವತ್ತಿನ ವಸೂಲಿಯಿಂದ ಹೋದ ವಾರ ಬಳಸಿಕೊಂಡ ಹಣವನ್ನು ತುಂಬಿಸುತ್ತ ಹೋಗುವ ದುರುಪಯೋಗದ ಸುಳಿವು ಮೊದಲು ಸಿಗುವುದು ಇಂಥ ಸಾಲುಗಳಲ್ಲೇ. ಪ್ರತಿ ತಿಂಗಳೂ ಬೇರೆ ಬೇರೆ ಮೊತ್ತದ ನಗದು ‘ದಾರಿಯಲ್ಲಿದೆ’ ಎಂದು ಕಂಡರೆ ಆ ಅನುಮಾನ ಬಲವಾಗುತ್ತದೆ.

ಆದ್ದರಿಂದ ನಗದು ಹಿಡಿಯುವವರೇ, ಚೆಕ್ ಬರೆಯುವವರೇ ಸಮನ್ವಯ ಪಟ್ಟಿಯನ್ನೂ ತಯಾರಿಸುವ ಏರ್ಪಾಡು ಒಳ್ಳೆಯದಲ್ಲ. ಸಂಘ ಚಿಕ್ಕದು, ಬೇರೆ ನೌಕರರಿಲ್ಲ ಎಂದಾದರೆ ಆಡಳಿತ ಮಂಡಳಿಯ ಒಬ್ಬ ನಿರ್ದೇಶಕರು ತಾವೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು, ಟಿಕ್ ಇಲ್ಲದ ಸಾಲುಗಳನ್ನು ಓದಿ, ಪಟ್ಟಿಗೆ ಸಹಿ ಮಾಡಲಿ. ವರ್ಷದ ಕೊನೆಗೆ ಶಾಖೆಯಿಂದ ಶಿಲ್ಕಿನ ದೃಢೀಕರಣ ಪತ್ರವನ್ನೂ ಪಡೆದುಕೊಳ್ಳಲಿ. ನೀವು ಇಂಥ ಸಂಘವೊಂದರ ಸದಸ್ಯರಾಗಿದ್ದರೆ, ಈ ಸಲದ ಸರ್ವ ಸದಸ್ಯರ ಸಭೆಯಲ್ಲಿ ಜಮಾಖರ್ಚಿನ ಜೊತೆಗೆ ಮಾರ್ಚ್ 31ರ ಸಮನ್ವಯ ಪಟ್ಟಿಯನ್ನೂ ಓದಿ ಹೇಳುವಂತೆ ಕೇಳಿ, ಅದರಲ್ಲಿ ಮೂರು ತಿಂಗಳಿಗಿಂತ ಹಳೆಯ ಸಾಲುಗಳು ಎಷ್ಟಿವೆ ಎಂದು ವಿಚಾರಿಸಿ.