ಎಷ್ಟು ಮೊಟ್ಟೆಗೆ ಎಷ್ಟು ತೋಟ, ಎಷ್ಟು ಸ್ಟ್ಯಾಂಡು?

ಚಾಕಿ ಕೇಂದ್ರದಿಂದ ಎರಡನೇ ಜ್ವರ ಮುಗಿಸಿಕೊಂಡು ಬರುವ ರೇಷ್ಮೆಹುಳುಗಳನ್ನು ಮೊದಲ ದಿನ ನೋಡಿದರೆ ಯಾರಿಗಾದರೂ ಮನೆ ಖಾಲಿ ಹೊಡೆಯುತ್ತಿದೆ ಎನಿಸುತ್ತದೆ. ನೂರು ಮೊಟ್ಟೆಯ ಹುಳು ಆಗ ಹಿಡಿಯುವುದು ಸುಮಾರು 45 ಚದರ ಅಡಿ ಜಾಗವನ್ನು ಮಾತ್ರ. ಅದೇ ಹುಳು ಹದಿನೈದು–ಹದಿನೆಂಟು ದಿನ ಕಳೆದು ಹಣ್ಣಾಗುವ ಹೊತ್ತಿಗೆ ಆರುನೂರು, ಏಳುನೂರು ಚದರ ಅಡಿ ಕೇಳುತ್ತದೆ. ‘ಇನ್ನೂ ಐವತ್ತು ಮೊಟ್ಟೆ ಹೆಚ್ಚು ತರಬಹುದಿತ್ತು’ ಎಂಬ ಆಸೆ ಹುಟ್ಟುವುದು ಮೊದಲ ದಿನ, ಸೊಪ್ಪಿಗಾಗಿ ಊರೂರು ಅಲೆಯುವ ಪಾಡು ಬರುವುದು ಕೊನೆಯ ವಾರ. ಆದ್ದರಿಂದ ಬೆಳೆಯ ಲೆಕ್ಕವನ್ನು ಕೊನೆಯ ವಾರದಿಂದ ಹಿಂದಕ್ಕೆ ಹಾಕಬೇಕು.

ರೈತರು ‘ನೂರು ಮೊಟ್ಟೆ’ ಎನ್ನುವುದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ಗುಂಪುಗಳಿಗೆ. ಒಂದೊಂದು ಗುಂಪಿನಲ್ಲಿ ನಾನೂರರಿಂದ ಐನೂರು ಮೊಟ್ಟೆಗಳಿರುವುದರಿಂದ, ನೂರು ಎಂದರೆ ನಲವತ್ತರಿಂದ ಐವತ್ತು ಸಾವಿರ ಹುಳು. ಇಷ್ಟು ಹುಳು ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪು ಮಿಶ್ರತಳಿಯಾದರೆ 900 ಕಿಲೋ ಆಸುಪಾಸು, ದ್ವಿತಳಿಯಾದರೆ 1,000ದಿಂದ 1,100 ಕಿಲೋ. ಇದರಲ್ಲಿ ಮೊದಲ ಎರಡು ಹಂತಗಳಿಗೆ ಹತ್ತು ಕಿಲೋ ಸಾಕು. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನಗಳಲ್ಲೇ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಸೊಪ್ಪು ಮುಗಿಯುತ್ತದೆ. ಆ ವಾರಕ್ಕೆ ಸೊಪ್ಪಿದ್ದರೆ ಬೆಳೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ತೋಟದಲ್ಲಿ ಎಷ್ಟು ಸೊಪ್ಪಿದೆ? ನೀರಾವರಿಯ ವಿ-1 ತಳಿ ಎಕರೆಗೆ ವರ್ಷಕ್ಕೆ 24 ಟನ್‌ವರೆಗೂ ಕೊಡಬಲ್ಲದು ಎಂಬ ಮಾತು ನಿಜ. ಆದರೆ ಅದು ಗೊಬ್ಬರ, ನೀರು, ಸವರುವಿಕೆ ಎಲ್ಲವೂ ಶಿಫಾರಸಿನಂತೆ ನಡೆದಾಗಿನ ಇಳುವರಿ. ಆ ಅಂಕಿಯನ್ನು ನಂಬಿ ಚಾಕಿಗೆ ಹೇಳಿ ಬರುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ತೋಟದ ಲೆಕ್ಕವನ್ನು ನಿಮ್ಮ ತೋಟವೇ ಹೇಳಬೇಕು, ಅದಕ್ಕೊಂದು ಸುಲಭದ ದಾರಿಯೂ ಇದೆ. ಕೊನೆಯ ಹಂತದ ಕಟಾವು ನಡೆಯುವಾಗ ತೋಟದ ಬೇರೆ ಬೇರೆ ಕಡೆಯಿಂದ, ಚೆನ್ನಾಗಿರುವ ಗಿಡವನ್ನೂ ಸೊರಗಿದ್ದನ್ನೂ ಸೇರಿಸಿ, ಹತ್ತು ಗಿಡ ಕತ್ತರಿಸಿ. ಕಡ್ಡಿಯಿಂದ ಸೊಪ್ಪು ಬಿಡಿಸಿ ಸೊಪ್ಪನ್ನಷ್ಟೇ ತೂಗಿ. ಕಡ್ಡಿ ಸಮೇತ ತೂಗಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಹುಳು ಕಡ್ಡಿ ತಿನ್ನುವುದಿಲ್ಲ.

ಹತ್ತು ಗಿಡಕ್ಕೆ ಏಳು ಕಿಲೋ ಬಂತು ಎಂದುಕೊಳ್ಳೋಣ. ಮೂರಡಿಗೆ ಮೂರಡಿ ಅಂತರದಲ್ಲಿ ನಾಟಿ ಮಾಡಿದ ಎಕರೆಯಲ್ಲಿ 4,840 ಗಿಡಗಳಿರುತ್ತವೆ. ಗಿಡಕ್ಕೆ 700 ಗ್ರಾಂನಂತೆ ಒಂದು ಕಟಾವಿಗೆ ಸುಮಾರು 3,390 ಕಿಲೋ ಆಯಿತು. ಸತ್ತ ಗಿಡ, ಒಣಗಿದ ಎಲೆ, ಹಾಸಿಗೆಯಲ್ಲಿ ಬಾಡಿ ಉಳಿಯುವುದು ಇವಕ್ಕೆಲ್ಲ ಹತ್ತನೇ ಒಂದು ಪಾಲು ಬಿಟ್ಟರೆ ಕೈಗೆ ಸಿಗುವುದು 3,050 ಕಿಲೋ. ದ್ವಿತಳಿಗೆ ಮೊಟ್ಟೆಯೊಂದಕ್ಕೆ ಹತ್ತೂವರೆ ಕಿಲೋ ಎಂದು ಹಿಡಿದರೆ ಇಡೀ ಎಕರೆಗೆ ಒಟ್ಟಿಗೆ 290 ಮೊಟ್ಟೆ ಸಾಕಬಹುದು.

ತೋಟ ತಡೆಯುತ್ತದೆ, ಸರಿ. ಮನೆ ತಡೆಯುತ್ತದೆಯೇ? ಕಡ್ಡಿ ಸಮೇತ ಸೊಪ್ಪು ಕೊಡುವ ರೆಂಬೆ ಪದ್ಧತಿಯಲ್ಲಿ ಹುಳುಗಳು ಕಡ್ಡಿಗಳ ಮೇಲೂ ಕೆಳಗೂ ಹರಡಿಕೊಳ್ಳುವುದರಿಂದ ನೂರು ಮೊಟ್ಟೆಗೆ 600 ಚದರ ಅಡಿ ಹಾಸಿಗೆ ಸಾಕಾಗುತ್ತದೆ. 290ಕ್ಕೆ 1,740 ಚದರ ಅಡಿ ಬೇಕು. ಐದಡಿ ಅಗಲ, ನಲವತ್ತಡಿ ಉದ್ದ, ಮೂರು ಅಂತಸ್ತಿನ ಒಂದು ಸ್ಟ್ಯಾಂಡು ಕೊಡುವುದು 600 ಚದರ ಅಡಿ. ಅಂದರೆ ಅಂಥ ಮೂರು ಸ್ಟ್ಯಾಂಡು. ಐವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಮನೆಯಲ್ಲಿ ಓಡಾಡುವ ದಾರಿ ಬಿಟ್ಟರೆ ಹಿಡಿಸುವುದು ಎರಡೇ. ಆ ಮನೆಗೆ 200 ಮೊಟ್ಟೆಯೇ ಮಿತಿ, ಅದಕ್ಕೆ ಬೇಕಾದ ತೋಟ 27–28 ಗುಂಟೆ.

ನಾಲ್ಕನೇ ಅಂತಸ್ತು ಏರಿಸಿದರಾಯಿತು ಎಂದು ಕೆಲವರು ಹೇಳುತ್ತಾರೆ. ಕೆಳಗಿನ ಅಂತಸ್ತು ನೆಲದಿಂದ ಒಂದಡಿ ಮೇಲಿದ್ದು, ಅಂತಸ್ತುಗಳ ನಡುವೆ ಎರಡಡಿ ಬಿಟ್ಟರೆ ನಾಲ್ಕನೆಯದು ಏಳಡಿ ಎತ್ತರಕ್ಕೆ ಹೋಗುತ್ತದೆ. ಸೊಪ್ಪು ಹಾಕುವ ಹೆಂಗಸರಿಗೆ ಅಲ್ಲಿ ಕೈ ಎಟುಕುವುದಿಲ್ಲ, ಸತ್ತ ಹುಳು, ರೋಗದ ಹುಳು ಕಣ್ಣಿಗೂ ಬೀಳುವುದಿಲ್ಲ. ಮೂರೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಎಕರೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ತೋಟವನ್ನು ಇಪ್ಪತ್ತಿಪ್ಪತ್ತು ಗುಂಟೆಯ ಎರಡು ತಾಕು ಮಾಡಿ, ಒಂದಾದ ಮೇಲೊಂದು ಸವರುವುದು. ಪ್ರತಿ ತಾಕಿಗೆ 145 ಮೊಟ್ಟೆ, 870 ಚದರ ಅಡಿ ಹಾಸಿಗೆ. ಐದಡಿ ಅಗಲ, ಮೂವತ್ತಡಿ ಉದ್ದದ ಎರಡು ಸ್ಟ್ಯಾಂಡುಗಳ ಮೂರು ಅಂತಸ್ತಿನಿಂದ 900 ಸಿಗುತ್ತದೆ. ಅದಕ್ಕೆ ನಲವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಮನೆ ಸಾಕು. ಒಂದು ತಾಕಿಗೆ ವರ್ಷಕ್ಕೆ ಐದು ಕಟಾವಿನಂತೆ ಒಟ್ಟು ಹತ್ತು ಬೆಳೆ, ಅಂದರೆ ಮೂವತ್ತಾರು ದಿನಕ್ಕೊಂದು. ಅದರಲ್ಲಿ ಹುಳು ಮತ್ತು ಗೂಡಿಗೆ ಇಪ್ಪತ್ತನಾಲ್ಕು ದಿನ ಹೋದರೆ, ಮನೆ ತೊಳೆದು ಸೋಂಕು ನಿವಾರಣೆ ಮಾಡಲು ಹತ್ತು–ಹನ್ನೆರಡು ದಿನ ಉಳಿಯುತ್ತದೆ. ಈ ಬಿಡುವನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬಾರದು.

ಬಿದಿರಿನ ತಟ್ಟೆಯಲ್ಲೇ ಸಾಕುವವರಿಗೆ ಜಾಗ ಇನ್ನೂ ಹೆಚ್ಚು ಬೇಕು, ನೂರು ಮೊಟ್ಟೆಗೆ 720 ಚದರ ಅಡಿ. ನಾಲ್ಕಡಿ ಅಡ್ಡಳತೆಯ ದುಂಡು ತಟ್ಟೆಯೊಂದು ಕೊಡುವುದು ಹನ್ನೆರಡೂವರೆ ಚದರ ಅಡಿ. 145 ಮೊಟ್ಟೆಗೆ 84 ತಟ್ಟೆ, ಹತ್ತು ತಟ್ಟೆ ಹಿಡಿಸುವ ಒಂಬತ್ತು ಸ್ಟ್ಯಾಂಡು. ಚಂದ್ರಿಕೆಯನ್ನೂ ಮೊದಲೇ ಎಣಿಸಿಕೊಳ್ಳಿ: ಆರಡಿಗೆ ನಾಲ್ಕಡಿಯ ಒಂದು ಚಂದ್ರಿಕೆಗೆ ಸಾವಿರ ಹುಳು ಎಂದರೆ ಸುಮಾರು ಅರವತ್ತು ಬೇಕು. ಅದಕ್ಕಿಂತ ಒತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಕಟ್ಟುವ ಜೋಡಿ ಗೂಡು, ಕಲೆ ಬಿದ್ದ ಗೂಡು ಹೆಚ್ಚಿ ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ.

ಇಕ್ಕಟ್ಟಾಗಿದೆ ಎಂದು ಹುಳುವೇ ಮೊದಲು ತಿಳಿಸುತ್ತದೆ. ಒಂದೇ ಹಾಸಿಗೆಯಲ್ಲಿ ಸಣ್ಣದು, ದೊಡ್ಡದು ಬೆರೆತು ಕಂಡರೆ, ಕೆಲವು ಜ್ವರಕ್ಕೆ ಕೂತಾಗ ಉಳಿದವು ತಿನ್ನುತ್ತಲೇ ಇದ್ದರೆ, ಹಾಸಿಗೆಯ ಅಡಿ ಒದ್ದೆಯಾಗಿ ವಾಸನೆ ಬಂದರೆ ಜಾಗ ಸಾಲದು ಎಂದೇ ತಿಳಿಯಬೇಕು. ಕೂಡಲೇ ಹಾಸಿಗೆ ಅಗಲಿಸದಿದ್ದರೆ ಸಪ್ಪೆ ರೋಗವೋ ಹಾಲು ರೋಗವೋ ಹಿಂದೆಯೇ ಬರುತ್ತದೆ. ಸೊಪ್ಪು ಸಾಲದಿದ್ದರೆ ಅಪಾಯ ಇನ್ನೊಂದು ಬಗೆಯದು. ಅವಸರದಲ್ಲಿ ಕೊಂಡ ಸೊಪ್ಪಿನ ಪಕ್ಕದ ಹೊಲಕ್ಕೆ ಯಾವ ಔಷಧಿ, ಎಂದು ಹೊಡೆದಿದ್ದಾರೋ ಕೊಂಡವರಿಗೆ ಗೊತ್ತಿರುವುದಿಲ್ಲ. ಹಣ್ಣಾಗಲು ಎರಡೇ ದಿನವಿರುವ ಹುಳು ಅಂಥ ಸೊಪ್ಪು ತಿಂದು ಒಂದೇ ರಾತ್ರಿಯಲ್ಲಿ ಸಾಯಬಹುದು.

ಮೇಲಿನ ಲೆಕ್ಕ ಬೇರೂರಿದ ತೋಟಕ್ಕೆ ಹೊಂದುತ್ತದೆ. ನಾಟಿ ಮಾಡಿದ ಮೊದಲ ವರ್ಷದ ತೋಟ ಇಷ್ಟು ಸೊಪ್ಪು ಕೊಡುವುದಿಲ್ಲ, ಬಲಿತ ತೋಟವೂ ಚಳಿಗಾಲದಲ್ಲಿ ಮತ್ತು ನೀರು ಇಳಿದ ಬೇಸಿಗೆಯಲ್ಲಿ ಹಿಂದೆ ಬೀಳುತ್ತದೆ. ಹತ್ತು ಗಿಡದ ತೂಕವನ್ನು ಪ್ರತಿ ಬೆಳೆಯಲ್ಲೂ ತಿಂಗಳ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳಿಗೆ ಚಾಕಿ ಹೇಳುವಾಗ ಆ ಪುಟ ನೋಡಿಯೇ ಮೊಟ್ಟೆಯ ಸಂಖ್ಯೆ ಹೇಳಿ.